14 ವರ್ಷ ತುಂಬದ ಗುಂಡಿ

ಫೋನ್ ಬಂದಿದ್ದು ಸೆಪ್ಟಿಕ್ ಟ್ಯಾಂಕಿನ ಸ್ಲ್ಯಾಬ್ ಮುರಿದಿದೆ ಅಂತ. ತುಮಕೂರಿನ ಹೊರಗಿನ ಒಂದು ಬಡಾವಣೆ. 40x60ರ ಸೈಟು, ಉತ್ತರಕ್ಕೆ ರಸ್ತೆ. ಮನೆ ಕಟ್ಟಿ 14 ವರ್ಷ ಆಗಿತ್ತು. ಯಜಮಾನರು ನಿವೃತ್ತ ಮೇಷ್ಟ್ರು. ನಾನು ಹೋದಾಗ ಗೇಟಿನ ಒಳಗೆ ನೀರಿನ ಟ್ಯಾಂಕರ್ ಒಂದು ಕಡೆಗೆ ವಾಲಿಕೊಂಡು ನಿಂತಿತ್ತು. ಹಿಂದಿನ ಎಡಗಡೆ ಚಕ್ರ ಅರ್ಧ ನೆಲದೊಳಗೆ. ಬೀದಿಯವರೆಲ್ಲ ಮೂಗಿಗೆ ಟವೆಲ್ ಹಿಡಿದು ನೋಡ್ತಾ ಇದ್ದರು. ಡ್ರೈವರ್ ಮಾತ್ರ ಟೈರಿನ ಹತ್ತಿರಾನೇ ಕೂತಿದ್ದ, ಎಲ್ಲಿ ಪೂರ್ತಿ ಇಳಿದುಬಿಡುತ್ತೋ ಅಂತ.

ಟ್ಯಾಂಕರ್ ಯಾಕೆ ಕರೆಸಿದಿರಿ ಅಂತ ಕೇಳಿದೆ. ಎರಡು ತಿಂಗಳಿಂದ ಬೋರಿನ ನೀರು ವಾಸನೆ ಬರ್ತಾ ಇದೆ ಅಂದರು. ನೆಲದ ಸಂಪ್ ತುಂಬಿಸೋಕೆ ರಸ್ತೆಯಿಂದ ಪೈಪ್ ಸಾಲಲಿಲ್ಲ. ಡ್ರೈವರ್ ರಿವರ್ಸ್ ತಗೊಂಡು ಗಾಡಿ ಒಳಗೆ ತಂದಿದ್ದಾನೆ. ಕಾರು ದಿನಾ ನಿಲ್ಲುವ ಜಾಗವೇ ಅದು, ಹಾಗಾಗಿ ಯಾರಿಗೂ ಅನುಮಾನ ಬಂದಿಲ್ಲ.

ಮೇಷ್ಟ್ರಿಗೆ ಅದು ಸ್ಲ್ಯಾಬಿನ ರಿಪೇರಿ. ನನಗೂ ಮೊದಲ ಅರ್ಧ ಗಂಟೆ ಹಾಗೇ ಅನ್ನಿಸಿತ್ತು. ಕ್ರೇನ್ ಬಂದು ಗಾಡಿ ಎತ್ತಿದ ಮೇಲೆ ಮುರಿದ ಬಾಯಿಂದ ಟಾರ್ಚ್ ಬಿಟ್ಟು ನೋಡಿದೆ. ನೀರು ಎಲ್ಲೋ ಕೆಳಗಿತ್ತು, ಹೆಚ್ಚೂಕಮ್ಮಿ 15 ಅಡಿ ಆಳದಲ್ಲಿ. "ಎಷ್ಟು ಸಲ ಕ್ಲೀನ್ ಮಾಡಿಸಿದೀರಿ?" ಅಂದೆ. ಅವರು ಹೆಮ್ಮೆಯಿಂದಲೇ ಹೇಳಿದರು: "ಒಂದ್ಸಲಾನೂ ಇಲ್ಲ ಸಾರ್. 14 ವರ್ಷ ಆಯ್ತು, ತುಂಬೇ ಇಲ್ಲ. ಆಗಿನ ಮೇಸ್ತ್ರಿ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದ."

ಅಲ್ಲಿಗೆ ಅರ್ಧ ವಿಷಯ ಗೊತ್ತಾಗಿಹೋಯ್ತು. ಸೆಪ್ಟಿಕ್ ಟ್ಯಾಂಕ್ ಅಂದರೆ ಸದಾ ತುಂಬಿರಬೇಕಾದ ತೊಟ್ಟಿ. ಒಳಗೆ ಎಷ್ಟು ಬಂತೋ ಅಷ್ಟೇ ನೀರು ಮೇಲಿನ ಪೈಪಿನಿಂದ ಹೊರಗೆ ಹೋಗಬೇಕು. ಗಟ್ಟಿ ಪದಾರ್ಥ ತಳದಲ್ಲಿ ಕೂತು ಕೊಳೆಯಬೇಕು, ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಬಂದು ಎಳೆದುಕೊಂಡು ಹೋಗಬೇಕು. 14 ವರ್ಷ ತುಂಬಿಲ್ಲ ಅಂದರೆ ಅದು ತೊಟ್ಟಿ ಅಲ್ಲ, ತೂತು.

ಮೊದಲು ಸ್ಲ್ಯಾಬಿನ ವಿಷಯ ಮುಗಿಸ್ತೀನಿ. ಮುರಿದ ತುಂಡೊಂದನ್ನು ಪಕ್ಕಕ್ಕೆ ಎಳೆಸಿ ಟೇಪ್ ಹಿಡಿದೆ. ದಪ್ಪ 4 ಇಂಚು. 8 ಎಂಎಂ ಕಂಬಿ, 8 ಇಂಚಿಗೊಂದು. ಕಂಬಿ ಇದ್ದದ್ದು ಸರಿಯಾಗಿ ನಡುಮಧ್ಯೆ. ಕೆಳಗೆ 2 ಇಂಚು ಕಾಂಕ್ರೀಟು, ಮೇಲೆ 2 ಇಂಚು. ನೋಡೋಕೆ ಅಚ್ಚುಕಟ್ಟಾಗಿ ಕಾಣುತ್ತೆ, ಆದರೆ ಎರಡು ಗೋಡೆ ಮೇಲೆ ಕೂತ ಸ್ಲ್ಯಾಬಿಗೆ ಭಾರ ಬಿದ್ದಾಗ ಎಳೆತ ಬರೋದು ತಳದಲ್ಲಿ. ಕಂಬಿ ತಳದ ಹತ್ತಿರ ಇದ್ದರೆ ಅದಕ್ಕೆ ಕೆಲಸ. ನಡುವೆ ಇಟ್ಟ ಕಂಬಿಗೆ ದುಡ್ಡು ಪೂರ್ತಿ ಖರ್ಚಾಗುತ್ತೆ, ಬಲ ಮುಕ್ಕಾಲೂ ಸಿಗೋದಿಲ್ಲ.

ಹಾಗಾದರೆ ಕಾರು ಹೇಗೆ ತಡೆದುಕೊಂಡಿತ್ತು? ಕಾರಿನ ಒಂದು ಚಕ್ರದ ಮೇಲೆ ಬೀಳೋದು 300ರಿಂದ 400 ಕೆಜಿ. 4 ಅಡಿ ಅಗಲದ ಬಾಯಿಗೆ ಆ ಸ್ಲ್ಯಾಬ್ ಅಷ್ಟನ್ನು ಹೊರುತ್ತೆ. ಟ್ಯಾಂಕರ್ ಲೆಕ್ಕ ಬೇರೆ. 6,000 ಲೀಟರ್ ನೀರು ಅಂದರೆ ನೀರೇ 6 ಟನ್. ಗಾಡಿ ಸುಮಾರು 4 ಟನ್. ಹತ್ತರಲ್ಲಿ ಏಳು ಪಾಲು ಹಿಂದಿನ ಆಕ್ಸಲ್ ಮೇಲೆ. ಅಂದರೆ ಒಂದು ಕಡೆಯ ಜೋಡಿ ಚಕ್ರಕ್ಕೆ ಮೂರೂವರೆ ಟನ್, ಕಾರಿನ ಚಕ್ರದ ಒಂಬತ್ತರಿಂದ ಹನ್ನೆರಡು ಪಟ್ಟು. ನಾನು ಕೂತು ಲೆಕ್ಕ ಹಾಕಿದಾಗ ಆ ಸ್ಲ್ಯಾಬಿಗೆ ಇದ್ದ ಬಲ ಬೇಕಾದ್ದರ ಕಾಲು ಭಾಗ ಇತ್ತು. ಡ್ರೈವರ್‌ನ ಬೈದು ಪ್ರಯೋಜನ ಇಲ್ಲ. ಅವತ್ತಲ್ಲದಿದ್ದರೆ ಮರಳಿನ ಟಿಪ್ಪರ್ ಬಂದ ದಿನ ಆಗ್ತಿತ್ತು.

ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಸ್ಲ್ಯಾಬಿನ ತಳಭಾಗ ಬೆರಳಲ್ಲಿ ಉಜ್ಜಿದರೆ ಪುಡಿ ಉದುರ್ತಾ ಇತ್ತು. ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ಲ, ಆ ಗ್ಯಾಸು ಒದ್ದೆ ಕಾಂಕ್ರೀಟಿನ ಮೇಲೆ ಕೂತು ಆಮ್ಲ ಆಗುತ್ತೆ. ನೀರಿನೊಳಗಿನ ಗೋಡೆಗಿಂತ ನೀರಿನ ಮೇಲಿನ ಭಾಗ, ಅದರಲ್ಲೂ ಸ್ಲ್ಯಾಬಿನ ಹೊಟ್ಟೆ, ಬೇಗ ತಿಂದುಹೋಗೋದು ಇದಕ್ಕೇ. ಗಾಳಿ ಪೈಪ್ ಇಟ್ಟಿರಲೇ ಇಲ್ಲ. ಮೇಲೆ ಟೈಲ್ಸ್ ಹಾಕಿ ಮುಚ್ಚಿದ್ದರಿಂದ 14 ವರ್ಷ ಅಡಿಯಲ್ಲಿ ಏನಾಗ್ತಿದೆ ಅಂತ ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಜೊತೆ ಬಂದಿದ್ದ ಹುಡುಗ ಹಗ್ಗ ಕಟ್ಟಿಕೊಂಡು ಒಳಗಿಳಿದು ನೋಡಿ ಬರ್ತೀನಿ ಅಂದ. ಬೈದು ನಿಲ್ಲಿಸಿದೆ. ಬಾಯಿ ಒಡೆದು ಗಾಳಿ ಆಡ್ತಾ ಇದ್ದರೂ ತಳದಲ್ಲಿ ಗ್ಯಾಸು ಹಾಗೇ ನಿಂತಿರುತ್ತೆ. ಎರಡು ಉಸಿರಿಗೆ ಮನುಷ್ಯ ಬೀಳ್ತಾನೆ, ಎತ್ತೋಕೆ ಇಳಿದವನೂ ಬೀಳ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಹಾಗೆ ಬರಿಮೈಯಲ್ಲಿ ಯಾರನ್ನಾದರೂ ಕ್ಲೀನ್ ಮಾಡೋಕೆ ಇಳಿಸೋದು ಅಪರಾಧ ಕೂಡ. ಏನು ನೋಡಬೇಕಿದ್ದರೂ ಸಕ್ಕಿಂಗ್ ಗಾಡಿ ಕರೆಸಿ, ಖಾಲಿ ಮಾಡಿಸಿ, ಮೇಲಿನಿಂದಲೇ ನೋಡೋದು.

ಮಾರನೇ ದಿನ ಖಾಲಿ ಮಾಡಿಸಿದೆವು. ಒಳಗೆ ಕಂಡದ್ದು ಸಿಮೆಂಟ್ ರಿಂಗುಗಳು. 4 ಅಡಿ ವ್ಯಾಸ, 1 ಅಡಿ ಎತ್ತರದವು, ಒಂದರ ಮೇಲೊಂದು 20. ದಪ್ಪ ಎರಡೇ ಇಂಚು. ರಿಂಗು ರಿಂಗಿನ ನಡುವೆ ಗಾರೆ ಇಲ್ಲ, ಕೆಳಗಿನವಕ್ಕೆ ಸುತ್ತ ತೂತು. ತಳದಲ್ಲಿ ಕಾಂಕ್ರೀಟೇ ಇಲ್ಲ, ಬರೀ ಮೊರಂ ಮಣ್ಣು. ಕಕ್ಕಸಿನ ಪೈಪು ನೇರವಾಗಿ ಇದಕ್ಕೇ ಬಿದ್ದಿತ್ತು. ನಮ್ಮ ಕಡೆ ಬಡಾವಣೆಗಳಲ್ಲಿ 'ಸೆಪ್ಟಿಕ್ ಟ್ಯಾಂಕ್' ಅಂತ ಹೇಳಿ ಮಾಡಿಕೊಡೋದು ಬಹುತೇಕ ಇದನ್ನೇ. ರಿಂಗು ಬೇಗ ಆಗುತ್ತೆ, ಅಗ್ಗ. ಎರಡು ದಿನದಲ್ಲಿ ಕೆಲಸ ಮುಗಿಯುತ್ತೆ. ಇಂಗುಗುಂಡಿಗೆ ರಿಂಗ್ ಹಾಕಿದರೆ ನನ್ನ ತಕರಾರೇನೂ ಇಲ್ಲ. ಇಂಗುಗುಂಡಿ ಅಂದರೆ ಟ್ಯಾಂಕಿನಿಂದ ಹೊರಬಂದ ತೆಳು ನೀರು ಇಂಗೋ ಜಾಗ. ಟ್ಯಾಂಕೇ ಇಲ್ಲದೆ ಹಸಿ ಮಲವನ್ನು 20 ಅಡಿ ಆಳಕ್ಕೆ ಬಿಟ್ಟರೆ ಅದು ಬೇರೆ ಮಾತು.

ಮೇಷ್ಟ್ರು ಆಗ ಇನ್ನೊಂದು ತೋರಿಸಿದರು. ಮುಂದಿನ ರೂಮಿನ ವಾಯವ್ಯ ಮೂಲೆಯಲ್ಲಿ, ಕಿಟಕಿಯ ಕೆಳಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಇಳಿದಿದ್ದ ಬಿರುಕು. ಮೂರು ಎಂಎಂ ಅಗಲ. ಎರಡು ಸಲ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದ್ದರಂತೆ, ಮಳೆಗಾಲ ಕಳೆದ ಮೇಲೆ ಮತ್ತೆ ಬಾಯಿ ಬಿಡ್ತಿತ್ತು. ಸಾಮಾನ್ಯ ಪ್ಲಾಸ್ಟರ್ ಬಿರುಕು ಹೀಗೆ ಓರೆಯಾಗಿ, ಒಂದು ಮೂಲೆಯನ್ನೇ ಹಿಡಿದು ಬರೋದಿಲ್ಲ. ಇದು ಮೂಲೆ ಕೂರ್ತಾ ಇದೆ ಅನ್ನೋ ಗುರುತು.

ಅಳತೆ ತೆಗೆದೆ. ಮೂಲೆ ಕಾಲಂನ ಫೂಟಿಂಗ್ ತಳ ನೆಲದಿಂದ 5 ಅಡಿ. ಗುಂಡಿಯ ಅಂಚು ಫೂಟಿಂಗಿನ ಅಂಚಿನಿಂದ ಮೂರೂವರೆ ಅಡಿ. ಗುಂಡಿಯ ಆಳ 20 ಅಡಿ, ಅಂದರೆ ಪಾಯಕ್ಕಿಂತ 15 ಅಡಿ ಕೆಳಗೆ. ಪಾಯದ ಭಾರ ನೇರ ಕೆಳಗೆ ಮಾತ್ರ ಹೋಗೋದಿಲ್ಲ, ಪಂಚೆ ನೆರಿಗೆ ಬಿಚ್ಚಿದ ಹಾಗೆ ಅಗಲವಾಗ್ತಾ ಇಳಿಯುತ್ತೆ. ಸೈಟಲ್ಲಿ ನಾವು ಇಟ್ಟುಕೊಳ್ಳೋ ಲೆಕ್ಕ ಇಷ್ಟೇ: ಪಾಯಕ್ಕಿಂತ ಎಷ್ಟು ಅಡಿ ಕೆಳಗೆ ಅಗೀತೀವೋ ಕಡಿಮೆ ಅಂದರೂ ಅಷ್ಟು ಅಡಿ ದೂರ ಇರಬೇಕು. ಜೇಡಿಮಣ್ಣು, ತುಂಬಿಸಿದ ಮಣ್ಣು ಆದರೆ ಅದರ ಎರಡರಷ್ಟು. ಇಲ್ಲಿ 15 ಅಡಿ ದೂರ ಬೇಕಿತ್ತು, ಇದ್ದದ್ದು ಮೂರೂವರೆ. ಅಗೆದಾಗಲೇ ಅಪಾಯ, ಮೇಲೆ 14 ವರ್ಷ ಆ ಮಣ್ಣನ್ನು ನೆನೆಸಿದ್ದು ಬೇರೆ. ಇಂಗುಗುಂಡಿ ವಾಸದ ಮನೆಯಿಂದ 6 ಮೀಟರ್, ಅಂದರೆ 20 ಅಡಿ ದೂರ ಇರಬೇಕು ಅಂತ ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳೋದು ಈ ನೆನೆಯೋ ಕಾರಣಕ್ಕೇ.

ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಅರಾಲ್ಡೈಟ್ ಹಾಕಿ ಅಂಟಿಸಿ, ಮೇಲೆ ತಾರೀಕು ಬರೆದೆ. ಮೂಲೆ ಇನ್ನೂ ಇಳೀತಿದ್ದರೆ ಗಾಜು ಒಡೆಯುತ್ತೆ. ಇಂಥ ಬಿರುಕನ್ನು ಒಂದು ಮಳೆಗಾಲ ಕಾಯದೆ ಮುಚ್ಚಿಸೋದು ಸುಮ್ನೆ ಬಣ್ಣದ ಖರ್ಚು.

ಈಗ ಬೋರಿನ ಮಾತು. ಮೇಷ್ಟ್ರ ಬೋರು ಈಶಾನ್ಯ ಮೂಲೆಯಲ್ಲಿ, ಗುಂಡಿ ವಾಯವ್ಯದಲ್ಲಿ. ವಾಸ್ತು ನೋಡಿಯೇ ಮಾಡಿಸಿದ್ದು. ನಡುವೆ 32 ಅಡಿ. ಐಎಸ್ 2470 ಪ್ರಕಾರ ಇಂಗುಗುಂಡಿಗೂ ಕುಡಿಯೋ ನೀರಿನ ಮೂಲಕ್ಕೂ 18 ಮೀಟರ್, ಸುಮಾರು 60 ಅಡಿ ಇರಬೇಕು. 40 ಅಡಿ ಅಗಲದ ಸೈಟಲ್ಲಿ ಉತ್ತರದ ಎರಡು ಮೂಲೆಗಳ ನಡುವೆ 60 ಅಡಿ ಎಲ್ಲಿಂದ ತರೋದು? 30x40 ಸೈಟಾದರೆ ಇನ್ನೂ ಕಷ್ಟ.

ಅದಕ್ಕಿಂತ ದೊಡ್ಡ ಎಡವಟ್ಟು ಕಂಡಿದ್ದು ಕಾಂಪೌಂಡ್ ಮೇಲಿಂದ ಪಕ್ಕದ ಮನೆ ನೋಡಿದಾಗ. ಸಾಲಾಗಿ ಒಂದೇ ದಿಕ್ಕಿಗೆ ಮುಖ ಮಾಡಿದ ಮನೆಗಳು. ಎಲ್ಲರೂ ಬೋರು ಈಶಾನ್ಯಕ್ಕೆ, ಗುಂಡಿ ವಾಯವ್ಯಕ್ಕೆ. ಮೇಷ್ಟ್ರ ಈಶಾನ್ಯ ಮೂಲೆಗೆ ಅಂಟಿಕೊಂಡಿರೋದು ಪೂರ್ವದ ಮನೆಯವರ ವಾಯವ್ಯ ಮೂಲೆ. ಅಂದರೆ ಮೇಷ್ಟ್ರು ತಮ್ಮ ಗುಂಡಿಯನ್ನು ಬೋರಿನಿಂದ ಆದಷ್ಟು ದೂರ ಇಟ್ಟರೂ, ಪಕ್ಕದವರ ಗುಂಡಿ ಕಾಂಪೌಂಡ್ ಆಚೆ 8 ಅಡಿಯಲ್ಲೇ ಇದೆ. ಆ ಬೀದಿಯ ಪ್ರತಿ ಮನೆಯದೂ ಇದೇ ಕಥೆ. ಒಬ್ಬೊಬ್ಬರ ಪ್ಲಾನ್ ಬಿಡಿಯಾಗಿ ನೋಡಿದರೆ ತಪ್ಪೇನೂ ಕಾಣಲ್ಲ. ನಾಲ್ಕು ಪ್ಲಾನ್ ಪಕ್ಕಪಕ್ಕ ಇಟ್ಟರೆ ಎಲ್ಲರ ಬೋರೂ ಇನ್ನೊಬ್ಬರ ಗುಂಡಿ ಪಕ್ಕ.

ಯಾರ ಗುಂಡಿ ಅಂತ ತಿಳಿಯದೆ ಕೆಲಸ ಶುರು ಮಾಡೋ ಹಾಗಿಲ್ಲ. ನೀರನ್ನು ಲ್ಯಾಬಿಗೆ ಕೊಟ್ಟೆವು. ಕುಡಿಯೋ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು, ಇದರಲ್ಲಿ ಇತ್ತು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, 78 ಬಂತು. ಇ-ಕೋಲಿ ಈಚಿನ ಮಲದ ಗುರುತು. ನೈಟ್ರೇಟ್ ಹಳೇ ಸಾಲ ಇದ್ದ ಹಾಗೆ, ವರ್ಷಗಟ್ಟಲೆ ಸೇರಿದ್ದು. ಮೇಷ್ಟ್ರ ಹೆಂಡತಿ ನೀರನ್ನು ಕಾಯಿಸಿಯೇ ಕುಡೀತಿದ್ದೆವು ಅಂದರು. ಕಾಯಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದು ಗಟ್ಟಿಯೇ ಆಗುತ್ತೆ.

ಆಮೇಲೆ ಬಣ್ಣದ ಪರೀಕ್ಷೆ. ನೀರಿನ ಜಾಡು ಹಿಡಿಯೋಕೆ ಬಳಸುವ ಫ್ಲೋರೆಸೀನ್ ಅನ್ನೋ ಹಸಿರು ಬಣ್ಣ ಇದೆ, ಅತಿ ಕಡಿಮೆ ಇದ್ದರೂ ಹೊಳೆಯುತ್ತೆ. ಮೊದಲು ಮೇಷ್ಟ್ರ ಗುಂಡಿಗೇ ನೀರಿನ ಜೊತೆ ಹಾಕಿದೆವು. ದಿನಾ ಬೆಳಿಗ್ಗೆ ಬೋರಿನ ನೀರನ್ನು ಗಾಜಿನ ಬಾಟಲಿಗೆ ಹಿಡಿದು ಬಿಳಿ ಹಾಳೆ ಮುಂದೆ ನೋಡೋದು. ಎಂಟು ದಿನ ಕಾದರೂ ಏನೂ ಕಾಣಲಿಲ್ಲ. ಪೂರ್ವದ ಮನೆಯವರು ಮೊದಲು ಒಪ್ಪಲಿಲ್ಲ. "ನಮ್ಮದು 12 ವರ್ಷದಿಂದ ತುಂಬೇ ಇಲ್ಲ, ಫಸ್ಟ್ ಕ್ಲಾಸಾಗಿದೆ" ಅಂದರು. ಅದೇ ಮಾತು! ಆದರೆ ಅವರ ಬೋರಿನ ಪಕ್ಕಕ್ಕೆ ಇನ್ನೊಬ್ಬರ ಗುಂಡಿ ಇದೆಯಲ್ಲ ಅಂತ ತೋರಿಸಿದ ಮೇಲೆ ಸುಮ್ಮನಾದರು. ಅವರ ಕಕ್ಕಸಿಗೆ ಬಣ್ಣ ಹಾಕಿದ ಮೂರನೇ ದಿನ ಬೆಳಿಗ್ಗೆ ಮೇಷ್ಟ್ರು ಫೋನಲ್ಲಿ ಒಂದೇ ಮಾತು: "ಬಂತು."

ಬಾಟಲಿಯಲ್ಲಿ ತಿಳಿ ಹಸಿರು. ಎಳನೀರಿಗೆ ಒಂದು ಹನಿ ದೊಡ್ಡಪತ್ರೆ ರಸ ಬಿದ್ದ ಹಾಗೆ.

ಇಷ್ಟು ಬೇಗ ಹೇಗೆ ಬಂತು? ಬೋರು ನೂರಾರು ಅಡಿ ಆಳ, ಗುಂಡಿ 20 ಅಡಿ ಅಂತ ಜನ ಧೈರ್ಯ ಮಾಡ್ತಾರೆ. ನಮ್ಮ ಬಯಲುಸೀಮೆ ಕಡೆ ಮೇಲೆ ಮಣ್ಣು, ಅದರ ಕೆಳಗೆ ಪುಡಿಯಾದ ಕಲ್ಲು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಮೇಲಿನ ಮಣ್ಣು ಸೋಸುತ್ತೆ. ನೀರು ಅದರಲ್ಲಿ ನಿಧಾನ ಇಳಿಯೋ ಹೊತ್ತಿಗೆ ಕ್ರಿಮಿಗಳು ಸಾಯ್ತವೆ. 20 ಅಡಿ ಅಗೆದಾಗ ಸೋಸೋ ಆ ಮಣ್ಣನ್ನೇ ದಾಟಿ ಕಲ್ಲಿನ ಬಿರುಕಿಗೆ ಬಾಯಿ ಕೊಟ್ಟ ಹಾಗಾಯ್ತು. ಬಿರುಕಲ್ಲಿ ಸೋಸೋದು ಇಲ್ಲ, ನೀರು ಓಡುತ್ತೆ. ಇನ್ನು ಬೋರಿನ ಕೇಸಿಂಗ್. ಕೊರೆದ ರಂಧ್ರಕ್ಕೂ ಪೈಪಿಗೂ ನಡುವೆ ಸಂದು ಉಳಿದಿರುತ್ತೆ. ಆ ಸಂದಿಗೆ ಸಿಮೆಂಟ್ ಹಾಲು ಇಳಿಸಿ ಮುಚ್ಚಬೇಕು. ಇಲ್ಲಿ ಕೊರೆದ ಪುಡಿಯನ್ನೇ ಕಾಲಲ್ಲಿ ತಳ್ಳಿ ಮುಚ್ಚಿದ್ದರು. ಮೇಲಿನ ಕೊಳೆ ಪೈಪಿನ ಹೊರಮೈ ಹಿಡಿದು ನೇರ ಕೆಳಗಿಳೀತಿತ್ತು. ಕೇಸಿಂಗನ್ನು ನೆಲಮಟ್ಟಕ್ಕೇ ಕತ್ತರಿಸಿದ್ದರಿಂದ ಮಳೆನೀರೂ ಅಲ್ಲೇ ನುಗ್ಗುತ್ತಿತ್ತು.

ಎರಡೂ ಮನೆಯವರು ಕೂತು ಮಾತಾಡಿ, ಎರಡೂ ಕಡೆ ಕೆಲಸ ಒಟ್ಟಿಗೆ ಮಾಡಿಸೋದು ಅಂತ ಆಯ್ತು. ಮೇಷ್ಟ್ರಿಗೆ ಒಂದೇ ಷರತ್ತು, ಟ್ಯಾಂಕ್ ವಾಯವ್ಯ ಬಿಟ್ಟು ಹೋಗಬಾರದು. ನನಗೆ ಅದರಲ್ಲಿ ತೊಂದರೆ ಇರಲಿಲ್ಲ. ಸೋರದ ಟ್ಯಾಂಕ್ ಎಲ್ಲಿದ್ದರೂ ಬೋರಿಗೆ ಭಯ ಇಲ್ಲ. ಭಯ ಇರೋದು ಇಂಗೋ ಜಾಗದ್ದು. ಹಾಗಾಗಿ ಟ್ಯಾಂಕ್ ಮುಂದೆ ಇರಲಿ, ಇಂಗೋದನ್ನು ಹಿಂದಕ್ಕೆ ಒಯ್ಯೋಣ ಅಂದೆ. ಹಿಂದೆ ಬಡಾವಣೆಯ ಪಾರ್ಕು, ಪಶ್ಚಿಮದ ಸೈಟು ಖಾಲಿ. ನೈರುತ್ಯ ಮೂಲೆಯಿಂದ ಬೋರಿಗೆ ಅಡ್ಡಡ್ಡ ಅಳೆದರೆ 66 ಅಡಿ ಸಿಕ್ಕಿತು. ಪೂರ್ವದವರೂ ತಮ್ಮ ಇಂಗೋ ಜಾಗವನ್ನು ಸೈಟಿನ ಹಿಂಭಾಗಕ್ಕೆ, ಮೇಷ್ಟ್ರ ಬೋರಿನಿಂದ 60 ಅಡಿ ಆಚೆಗೆ ಒಯ್ದರು.

ಹಳೇ ಗುಂಡಿಗೆ ಸುಣ್ಣ ಸುರಿದು, ದಪ್ಪ ಕಲ್ಲು, ಮೊರಂ ಪದರ ಪದರವಾಗಿ ಹಾಕಿ ನೀರು ಬಿಟ್ಟು ಕೂರಿಸಿದೆವು. ರಿಂಗು ಕೀಳಲಿಲ್ಲ. ಕಿತ್ತರೆ ಮೂಲೆ ಕಾಲಂ ಇನ್ನೂ ಸಡಿಲ ಆಗುತ್ತೆ.

ಹೊಸ ಟ್ಯಾಂಕಿನ ಅಳತೆ ದೊಡ್ಡದೇನಲ್ಲ. ಒಳ ಉದ್ದ 2 ಮೀಟರ್, ಅಗಲ 90 ಸೆಂಟಿಮೀಟರ್, ನೀರಿನ ಆಳ 1 ಮೀಟರ್, ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ. ಐಎಸ್ ಕೋಷ್ಟಕದಲ್ಲಿ 10 ಜನಕ್ಕೆ ಹೇಳಿರೋ ಅಳತೆ ಇದು. ಮನೆಯಲ್ಲಿ ಇರೋದು ನಾಲ್ಕೇ ಜನ, ಹಾಗಾಗಿ ಎರಡು ಮೂರು ವರ್ಷ ಧಾರಾಳ. ಮೇಷ್ಟ್ರು "ಇಷ್ಟು ಚಿಕ್ಕದಾ? ಹಿಂದಿನದು 20 ಅಡಿ ಇತ್ತಲ್ಲ" ಅಂತ ಕೇಳಿದರು. ಆಳ ಹೆಚ್ಚಿದರೆ ಪಾಯಕ್ಕೆ ಕೇಡು. ಇದಕ್ಕೆ ಅಗೆತ ಒಟ್ಟು ಐದೂವರೆ ಅಡಿ, ಪಾಯಕ್ಕಿಂತ ಅರ್ಧ ಅಡಿ ಮಾತ್ರ ಕೆಳಗೆ. ಫೂಟಿಂಗಿನಿಂದ 5 ಅಡಿ ದೂರ ಬಿಟ್ಟಿದ್ದೆವು. ಯೋಚನೆ ಇಲ್ಲ.

ಗೋಡೆಗೆ ಏನು ಹಾಕೋದು ಅಂತ ಒಂದು ಸಂಜೆ ಪೂರ್ತಿ ಚರ್ಚೆ ಆಯ್ತು. ಮೇಸ್ತ್ರಿ 6 ಇಂಚಿನ ಸಾಲಿಡ್ ಬ್ಲಾಕ್ ಅಂದ. ಬ್ಲಾಕ್ ಗಟ್ಟಿಯೇ, ಆದರೆ ನಮ್ಮ ಕಡೆ ಬ್ಲಾಕಿನ ನೆಟ್ಟನೆ ಸಂದಿಗೆ ಗಾರೆ ಸರಿಯಾಗಿ ತುಂಬೋರು ಅಪರೂಪ. ಹಾಲೋ ಬ್ಲಾಕ್ ಅಂತೂ ಹತ್ತಿರ ಸೇರಿಸಬಾರದು. ಕರಾವಳಿಯಲ್ಲಿ ಕೆಂಪುಕಲ್ಲಿನಲ್ಲಿ ಕಟ್ತಾರೆ. ಅದರ ಮೈತುಂಬ ತೂತು, ಪ್ಲಾಸ್ಟರ್ ಬಿಟ್ಟುಕೊಂಡ ದಿನವೇ ಸೋರುತ್ತೆ. ದುಡ್ಡಿದ್ದರೆ ಪೂರ್ತಿ ಆರ್‌ಸಿಸಿ ಹಾಕೋದು ಎಲ್ಲಕ್ಕಿಂತ ವಾಸಿ. ನಾವು 9 ಇಂಚಿನ ಸುಟ್ಟ ಇಟ್ಟಿಗೆ ಗೋಡೆಗೆ ಒಪ್ಪಿದೆವು, ಒಂದಕ್ಕೆ ನಾಲ್ಕರ ಗಾರೆಯಲ್ಲಿ. ಇಟ್ಟಿಗೆ ಲೋಡಿನಿಂದ ಐದು ಎತ್ತಿ ತೂಕ ಮಾಡಿ ಒಂದು ದಿನ ನೀರಲ್ಲಿ ಮುಳುಗಿಸಿಟ್ಟೆ. ಐದರಲ್ಲಿ ಒಂದರ ಮೂಲೆ ಬೆರಳಿಗೇ ಕಿತ್ತು ಬಂತು. 3 ಕೆಜಿ ಇಟ್ಟಿಗೆ ನೆಂದ ಮೇಲೆ 3 ಕೆಜಿ 600 ಗ್ರಾಂ ದಾಟಬಾರದು, ಅಂದರೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ಇದರಲ್ಲಿ ಎರಡು ದಾಟಿದವು. ಲೋಡ್ ವಾಪಸ್ ಕಳಿಸಿದೆ. ಅರೆಬೆಂದ ಇಟ್ಟಿಗೆ ಮನೆ ಗೋಡೆಯಲ್ಲಿ ಹೇಗೋ ಬದುಕುತ್ತೆ, ಸದಾ ನೆನೆಯೋ ಗೋಡೆಯಲ್ಲಿ ಕರಗಿಹೋಗುತ್ತೆ.

ತಳಕ್ಕೆ ಮೊದಲು ಬೆಡ್ ಕಾಂಕ್ರೀಟು, ಅದರ ಮೇಲೆ 6 ಇಂಚಿನ ಆರ್‌ಸಿಸಿ. ಅದು ಗೋಡೆಯಿಂದ ಆಚೆಗೂ ಅರ್ಧ ಅಡಿ ಚಾಚಿಕೊಂಡಿತ್ತು. ಒಳಗೆ ಒಂದಕ್ಕೆ ಮೂರರ ಪ್ಲಾಸ್ಟರ್, ವಾಟರ್‌ಪ್ರೂಫ್ ಪುಡಿ ಸೇರಿಸಿ, ಎರಡು ಕೋಟು. ಟ್ಯಾಂಕ್ ಸೋರೋದು ಹೆಚ್ಚಾಗಿ ಗೋಡೆಯ ನಡುವೆ ಅಲ್ಲ, ಗೋಡೆ ತಳಕ್ಕೆ ಕೂಡೋ ಕಡೆ ಮತ್ತು ಪೈಪು ಗೋಡೆ ದಾಟೋ ಕಡೆ. ಅದಕ್ಕೇ ಮೂಲೆಗಳಲ್ಲಿ ಕೋನ ಬಾರದ ಹಾಗೆ ಗಾರೆಯನ್ನು ಗುಂಡಗೆ ತಿದ್ದಿಸಿದೆ. ಪಿವಿಸಿ ಪೈಪಿನ ಮೈ ನಯ, ಗಾರೆ ಹಿಡಿಯಲ್ಲ. ಗೋಡೆಯೊಳಗೆ ಬರೋ ಭಾಗಕ್ಕೆ ಸಾಲ್ವೆಂಟ್ ಬಳಿದು ಮರಳು ಉದುರಿಸಿ ಒರಟು ಮಾಡಿ ಆಮೇಲೆ ಕೂರಿಸಿದೆವು. ಒಳಬರೋ ಮತ್ತು ಹೊರಹೋಗೋ ಎರಡೂ ಬಾಯಿಗೆ ಟಿ ಆಕಾರದ ಪೈಪು ಹಾಕಿ, ಅದರ ಕೆಳಗಿನ ಕಾಲು ನೀರಿನೊಳಗೆ ಒಂದು ಅಡಿ ಇಳಿಯೋ ಹಾಗೆ. ಹೊರಹೋಗೋದು ಒಳಬರೋದಕ್ಕಿಂತ 2 ಇಂಚು ಕೆಳಗೆ. ತೇಲೋ ಕೆನೆ ಹೊರಗೆ ಹೋಗದಂತೆ ತಡೆಯೋದು ಈ ಟಿ. ಇದಿಲ್ಲದೆ ಎಂಥ ಟ್ಯಾಂಕ್ ಕಟ್ಟಿದರೂ ಇಂಗುಗುಂಡಿ ಬೇಗ ಕಟ್ಟಿಕೊಳ್ಳುತ್ತೆ.

ಸ್ಲ್ಯಾಬ್ ಹಾಕೋ ಮೊದಲೇ ಟ್ಯಾಂಕಿಗೆ ಹೊರಹೋಗೋ ಮಟ್ಟದವರೆಗೆ ನೀರು ತುಂಬಿಸಿದೆವು. ಮೊದಲ ದಿನ ಒಂದಿಂಚು ಇಳೀತು. ಗೋಡೆ ಕುಡಿಯೋ ನೀರು ಅದು, ಲೆಕ್ಕಕ್ಕಿಲ್ಲ. ಮತ್ತೆ ತುಂಬಿಸಿ ಮೊಳೆಯಲ್ಲಿ ಗೀರು ಹಾಕಿ, ಬಾಯಿಗೆ ಶೀಟ್ ಮುಚ್ಚಿ ಹೋದೆ. ಮಾರನೇ ದಿನಕ್ಕೆ ಗೀರಿನಿಂದ ಒಂದು ಬೆರಳ ಅಗಲ ಕೆಳಗಿತ್ತು. ನನ್ನ ಲೆಕ್ಕದಲ್ಲಿ ಅರ್ಧ ಇಂಚು ದಾಟಬಾರದು. ಹುಡುಕಿದರೆ ಪೈಪಿನ ಸುತ್ತಲೇ ಹೊರಗಡೆ ಒದ್ದೆ. ಒಡೆದು ಮತ್ತೆ ಕೂರಿಸಿದೆವು. ಮೇಸ್ತ್ರಿಗೆ ಬೇಜಾರು, "ಇಷ್ಟಕ್ಕೆಲ್ಲ ಯಾರು ಸಾರ್ ಒಡೆಸ್ತಾರೆ" ಅಂದ. ಮಣ್ಣು ಮುಚ್ಚಿದ ಮೇಲೆ ಒಡೆಸೋದಕ್ಕಿಂತ ವಾಸಿ ಅಲ್ವಾ? ಎರಡನೇ ಸಲ ಗೀರು ಹಾಗೇ ನಿಂತಿತು.

ಸ್ಲ್ಯಾಬಿಗೆ ಮೇಷ್ಟ್ರೇ ಹೇಳಿದರು, ಟ್ಯಾಂಕರ್ ಬಂದರೂ ತಡೆಯಬೇಕು ಅಂತ. ಗಾಡಿ ನಿಲ್ಲೋ ಜಾಗ ಬಿಟ್ಟು ಟ್ಯಾಂಕ್ ಇಡೋದೇ ಒಳ್ಳೇದು, ಆದರೆ ಈ ಸೈಟಲ್ಲಿ ಬೇರೆ ಜಾಗ ಇರಲಿಲ್ಲ. 6 ಇಂಚು ದಪ್ಪ, ಎಂ 25 ಕಾಂಕ್ರೀಟು. ಗಿಡ್ಡ ಅಡ್ಡಕ್ಕೆ 12 ಎಂಎಂ ಕಂಬಿ 6 ಇಂಚಿಗೊಂದು, ಅದು ಕೆಳಗೆ. ಅದರ ಮೇಲೆ ಉದ್ದಕ್ಕೆ 10 ಎಂಎಂ. ಗ್ಯಾಸಿಗೆ ಸಿಗದಿರಲಿ ಅಂತ ತಳದಲ್ಲಿ 40 ಎಂಎಂ ಕವರ್ ಬ್ಲಾಕ್. ಬಾಯಿ ಎರಡು, ಚಕ್ರ ಓಡದ ಕಡೆಗೆ, ಸುತ್ತ ಹೆಚ್ಚುವರಿ ಕಂಬಿ, ಮೇಲೆ ಭಾರದ ಎರಕದ ಮುಚ್ಚಳ. ಟೈಲ್ಸ್ ಹಾಕೋವಾಗ ಮುಚ್ಚಳವನ್ನು ಮುಚ್ಚೋ ಹಾಗಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. 2 ಇಂಚಿನ ಗಾಳಿ ಪೈಪನ್ನು ಗೋಡೆ ಹಿಡಿಸಿ ತಾರಸಿಗಿಂತ 2 ಮೀಟರ್ ಮೇಲಕ್ಕೆ ಒಯ್ದೆವು. 14 ದಿನ ಕ್ಯೂರಿಂಗ್. ಸೆಂಟ್ರಿಂಗ್ ಹಲಗೆಗಳನ್ನು ಹೊಸ ಟ್ಯಾಂಕ್ ಅನ್ನೋ ಧೈರ್ಯದಲ್ಲಿ ಒಳಗಿಳಿದು ತೆಗೆದರು, ಅದೂ ಎರಡೂ ಬಾಯಿ ತೆಗೆದಿಟ್ಟು, ಕಕ್ಕಸಿನ ಪೈಪ್ ಸೇರಿಸೋ ಮೊದಲು. ಸೇರಿಸಿದ ಮೇಲೆ ಯಾರೂ ಇಳಿಯೋ ಹಾಗಿಲ್ಲ.

ಇನ್ನು ಇಂಗೋ ಜಾಗ. ಗುಂಡಿ ಬೇಡ, ಕಾಲುವೆ ಮಾಡೋಣ ಅಂತ ನನ್ನ ತೀರ್ಮಾನ. ಆಳಕ್ಕೆ ಹೋದಷ್ಟೂ ಸೋಸೋ ಮಣ್ಣು ಕಡಿಮೆ. ಹಿಂದೆ ಎರಡು ಕಡೆ ಕೈಗುಳಿ ತೋಡಿ, ತಳಕ್ಕೆ ಎರಡಿಂಚು ಜಲ್ಲಿ ಹಾಕಿ, ರಾತ್ರಿಯೆಲ್ಲ ನೀರು ನಿಲ್ಲಿಸಿ ನೆನೆಸಿದೆವು. ಬೆಳಿಗ್ಗೆ ನೀರು ಒಂದಿಂಚು ಇಳಿಯೋಕೆ ಎಷ್ಟು ನಿಮಿಷ ಅಂತ ಗಡಿಯಾರ ಹಿಡಿದೆ. 16 ನಿಮಿಷ. ಐಎಸ್ 2470ರ ಸೂತ್ರ ಇದು:

Q = 204/√t

t ಅಂದರೆ ಆ ನಿಮಿಷ. Q ಅಂದರೆ ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಕುಡಿಯೋ ಲೀಟರ್. 16ರ ವರ್ಗಮೂಲ 4, ಹಾಗಾಗಿ 51 ಲೀಟರ್. ನಾಲ್ಕು ಜನರ ಫ್ಲಶ್ ನೀರು ದಿನಕ್ಕೆ 200 ಲೀಟರ್ ಅಂತ ಹಿಡಿದರೆ ಸುಮಾರು 4 ಚದರ ಮೀಟರ್ ಬೇಕು. 60 ಸೆಂಟಿಮೀಟರ್ ಅಗಲದ ಕಾಲುವೆಗೆ 6.7 ಮೀಟರ್ ಉದ್ದ, ಅಂದರೆ 22 ಅಡಿ. ಸ್ನಾನದ ನೀರು, ಪಾತ್ರೆ ತೊಳೆದ ನೀರೂ ಇದಕ್ಕೇ ಬಿಟ್ಟರೆ ಎರಡು ಮೂರು ಪಟ್ಟು ಬೇಕಾಗ್ತಿತ್ತು. ಅವು ಮೊದಲಿಂದಲೂ ಚರಂಡಿಗೆ ಹೋಗ್ತಿದ್ದವು, ಹಾಗೇ ಬಿಟ್ಟೆವು. ಎರಡೂವರೆ ಅಡಿ ಆಳದ ಕಾಲುವೆ, ತಳದಲ್ಲಿ ಒಂದಡಿ ಜಲ್ಲಿ, ಅದರಲ್ಲಿ ತೂತಿನ ಪೈಪು, ಮೇಲೆ ಮಣ್ಣು ಜಾರದ ಹಾಗೆ ಬಟ್ಟೆ, ಆಮೇಲೆ ಮಣ್ಣು. ಮೇಲೆ ಕಾಬಾಳೆ ಸಾಲು ಹಾಕಿದ್ದಾರೆ.

ಒಂದು ರಾಜಿ ಮಾಡಿಕೊಂಡೆ, ಮುಚ್ಚಿಡಲ್ಲ. ಮನೆಯಿಂದ 20 ಅಡಿ ದೂರ ಸಿಗಲಿಲ್ಲ, ಸಿಕ್ಕಿದ್ದು 7 ಅಡಿ. ಕಾಲುವೆ ಪಾಯಕ್ಕಿಂತ ಎರಡೂವರೆ ಅಡಿ ಮೇಲೇ ಇದೆ, ನೀರೂ ಕಡಿಮೆ ಅನ್ನೋ ಧೈರ್ಯ. ಕಪ್ಪು ಮಣ್ಣಿನ ಕಡೆ ಆಗಿದ್ದರೆ ಇದನ್ನು ಮಾಡ್ತಿರಲಿಲ್ಲ. ಅಲ್ಲಿ ನೀರು ಇಂಗೋದೂ ಇಲ್ಲ, ಒದ್ದೆಗೆ ಉಬ್ಬಿ ಒಣಗಿ ಕುಗ್ಗಿ ಪಾಯವನ್ನೇ ಅಲ್ಲಾಡಿಸುತ್ತೆ. ಆಗ ಸೋರದ ಟ್ಯಾಂಕ್ ಕಟ್ಟಿ ಗಾಡಿ ಕರೆಸಿ ಖಾಲಿ ಮಾಡಿಸ್ತಾ, ಯುಜಿಡಿ, ಅಂದರೆ ಊರಿನ ಒಳಚರಂಡಿ, ಬರೋವರೆಗೆ ಕಾಯೋದೇ ದಾರಿ.

ಬೋರಿನ ಕೇಸಿಂಗನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ, ಸುತ್ತ ಆದಷ್ಟು ಆಳಕ್ಕೆ ಅಗೆದು ಸಿಮೆಂಟ್ ಹಾಲು ತುಂಬಿ, ಮೇಲೆ ಇಳಿಜಾರು ಕಟ್ಟೆ ಹಾಕಿಸಿದೆ. ಬ್ಲೀಚಿಂಗ್ ಹಾಕಿ ಒಂದು ರಾತ್ರಿ ಬಿಟ್ಟು ಪಂಪ್ ಓಡಿಸಿ ಚೆಲ್ಲಿದೆವು. ನಾಲ್ಕು ತಿಂಗಳ ಮೇಲೆ ಲ್ಯಾಬಿನಲ್ಲಿ ಇ-ಕೋಲಿ ಇಲ್ಲ. ನೈಟ್ರೇಟ್ 71. ಅದು ಇಳಿಯೋಕೆ ವರ್ಷಗಳೇ ಬೇಕು, ಅಲ್ಲಿವರೆಗೆ ಕುಡಿಯೋಕೆ ಆರ್‌ಒ ನೀರು, ಬೋರಿನದು ಬಳಕೆಗೆ ಮಾತ್ರ ಅಂತ ಹೇಳಿದ್ದೀನಿ. ಗೋಡೆಯ ಗಾಜಿನ ಪಟ್ಟಿ ಒಂದು ಮಳೆಗಾಲ ಕಳೆದರೂ ಒಡೆದಿರಲಿಲ್ಲ. ಆಮೇಲೇ ಬಿರುಕು ಮುಚ್ಚಿಸಿದರು.

ಟ್ಯಾಂಕ್ ಬಳಸೋಕೆ ಶುರುಮಾಡಿದ ಹತ್ತನೇ ದಿನ ಬೆಳಿಗ್ಗೆ ಆರಕ್ಕೇ ಮೇಷ್ಟ್ರ ಫೋನು. "ಸಾರ್, ಮುಚ್ಚಳ ತೆಗೆದು ನೋಡಿದೆ, ಆಗಲೇ ತುಂಬಿಬಿಟ್ಟಿದೆ!" ತುಂಬೇ ಇರಬೇಕು ಮೇಷ್ಟ್ರೇ, ಹೊರಹೋಗೋ ಪೈಪಿನ ಮಟ್ಟಕ್ಕೆ ನಿಂತಿದೆಯಾ ನೋಡಿ ಅಂದೆ. ನಿಂತಿತ್ತು. ಈಗ ಅವರ ಹತ್ತಿರ ಒಂದು ಉದ್ದ ಕೋಲಿದೆ, ತುದಿಗೆ ಬಿಳಿ ಬಟ್ಟೆ ಸುತ್ತಿದ್ದು. ಆರು ತಿಂಗಳಿಗೊಮ್ಮೆ ಮುಚ್ಚಳದಿಂದ ದೂರ ನಿಂತು ಇಳಿಸಿ ತೆಗೆದು, ಬಟ್ಟೆ ಎಷ್ಟು ಕಪ್ಪಾಗಿದೆ ಅಂತ ಅಳೀತಾರೆ. ಆಳದ ಮೂರನೇ ಒಂದು ಭಾಗ, ಅಂದರೆ 13 ಇಂಚು ಆದಾಗ ಗಾಡಿ ಕರೆಸಬೇಕು. ಮೊನ್ನೆ 7 ಇಂಚು ಇತ್ತಂತೆ.